ಸ್ಥಾನ ಜಾರಿದ ಉತ್ತರವನ್ನು ಹಿಡಿಯುವುದು: ಬೈನರಿ, ಆಕ್ಟಲ್, ಹೆಕ್ಸ್ ವರ್ಕ್‌ಶೀಟ್ ಪರಿಶೀಲನೆಯ ಸಮಗ್ರ ಮಾರ್ಗದರ್ಶಿ

ಕೈಯಲ್ಲಿ ಬರೆದ ಸಂಖ್ಯಾ ಪದ್ಧತಿಯ ವರ್ಕ್‌ಶೀಟ್ ತಿದ್ದುವಾಗ ಒಂದು ವಿಷಯ ಬೇಗ ಕಣ್ಣಿಗೆ ಬೀಳುತ್ತದೆ. ಎರಡರಿಂದ ಭಾಗಿಸಲು ಬಾರದೆ ಉತ್ತರ ತಪ್ಪುವುದು ಅಪರೂಪ. ಅಂಕಿಗಳೆಲ್ಲ ಸರಿ ಇರುತ್ತವೆ, ಆದರೆ ಕೂರಬೇಕಾದ ಸ್ಥಾನದಲ್ಲಿ ಕೂತಿರುವುದಿಲ್ಲ. ನಡುವಿನ ಒಂದು ಸೊನ್ನೆ ಬಿಟ್ಟುಹೋಗಿರುತ್ತದೆ, ಗುಂಪು ಮಾಡುವುದು ಬಲದ ಬದಲು ಎಡದಿಂದ ಶುರುವಾಗಿರುತ್ತದೆ, ಶೇಷಗಳನ್ನು ಕೆಳಗಿನಿಂದ ಓದುವ ಬದಲು ಮೇಲಿನಿಂದ ಓದಿರುತ್ತಾರೆ. ಇಂಥ ತಪ್ಪನ್ನು ಅದೇ ಲೆಕ್ಕವನ್ನು ಅದೇ ದಾರಿಯಲ್ಲಿ ಮತ್ತೊಮ್ಮೆ ಮಾಡಿ ಹಿಡಿಯಲು ಹೋದರೆ, ಮೊದಲ ಸಲ ಎಲ್ಲಿ ಕೈ ಜಾರಿತ್ತೋ ಅಲ್ಲೇ ಮತ್ತೆ ಜಾರುವ ಸಂಭವ ಹೆಚ್ಚು. ಪರಿಶೀಲನೆಯ ದಾರಿ ಲೆಕ್ಕದ ದಾರಿಗಿಂತ ಬೇರೆಯಾಗಿರಬೇಕು.

ಇಲ್ಲಿ ಒಂದೇ ಒಂದು ಸಾಲನ್ನು ತೆಗೆದುಕೊಂಡು ಕೊನೆಯವರೆಗೂ ನೋಡೋಣ. ವರ್ಕ್‌ಶೀಟ್‌ನಲ್ಲಿ ದಶಮಾನ ಸಂಖ್ಯೆ ಕೊಟ್ಟಿದ್ದಾರೆ, ಉಳಿದ ಮೂರು ಕಾಲಂಗಳನ್ನು ವಿದ್ಯಾರ್ಥಿ ತುಂಬಿದ್ದಾನೆ:

```
ದಶಮಾನ    ಬೈನರಿ         ಆಕ್ಟಲ್    ಹೆಕ್ಸ್
781      1100001101    6061     C31
```

ಈ ಸಾಲನ್ನು ಆರಿಸಿದ್ದಕ್ಕೆ ಕಾರಣವಿದೆ. ಆಕ್ಟಲ್ ಉತ್ತರವನ್ನು ದಶಮಾನಕ್ಕೆ ತಿರುಗಿಸಿ ನೋಡಿ: 6×512 + 0×64 + 6×8 + 1 = 3121. ಹೆಕ್ಸ್ ಉತ್ತರವನ್ನೂ ತಿರುಗಿಸಿ: 12×256 + 3×16 + 1 = 3121. ಎರಡೂ ತಪ್ಪು, ಆದರೂ ಎರಡೂ ಒಂದನ್ನೊಂದು ಒಪ್ಪುತ್ತವೆ. ಆಕ್ಟಲ್ ಮತ್ತು ಹೆಕ್ಸ್ ಹೊಂದಿಕೊಂಡರೆ ಸಾಕು ಎಂದುಕೊಂಡವರು ಇದಕ್ಕೆ ಪೂರ್ತಿ ಅಂಕ ಕೊಟ್ಟುಬಿಡುತ್ತಾರೆ.

ಮೊದಲು ಬರಹವನ್ನು ಓದಿಕೊಳ್ಳಿ

ಲೆಕ್ಕಕ್ಕೆ ಇಳಿಯುವ ಮೊದಲು ಹಾಳೆಯಲ್ಲಿ ಏನು ಬರೆದಿದೆ ಎಂಬುದು ಖಚಿತವಾಗಲಿ. ಹೆಕ್ಸ್‌ನಲ್ಲಿ ಗೊಂದಲ ಮಾಡುವ ಜೋಡಿಗಳು ಗೊತ್ತಿರುವಂಥವೇ: B ಮತ್ತು 8, D ಮತ್ತು 0, ಸಣ್ಣ b ಮತ್ತು 6. ಬೈನರಿಯಲ್ಲಿ ಅಂಕಿಯ ಆಕಾರಕ್ಕಿಂತ ಅಂಕಿಗಳ ಎಣಿಕೆಯೇ ಕಷ್ಟ. ಸಾಲಾಗಿ ನಾಲ್ಕು ಸೊನ್ನೆ ಬಂದರೆ ಅದು ಮೂರೋ ನಾಲ್ಕೋ ಎಂದು ಕಣ್ಣು ಸುಲಭವಾಗಿ ಮೋಸಹೋಗುತ್ತದೆ.

ಇದಕ್ಕೆ ಪೆನ್ಸಿಲ್ ಸಾಕು. ಬೈನರಿ ಸಂಖ್ಯೆಯ ಬಲತುದಿಯಿಂದ ಶುರುಮಾಡಿ, ಪ್ರತಿ ಮೂರು ಬಿಟ್‌ಗೆ ಕೆಳಗೆ ಒಂದು ಸಣ್ಣ ಗೀಟು, ಪ್ರತಿ ನಾಲ್ಕು ಬಿಟ್‌ಗೆ ಮೇಲೆ ಒಂದು ಸಣ್ಣ ಗೀಟು ಹಾಕಿ. ಎಣಿಕೆಯೂ ಆಯಿತು, ಮುಂದೆ ಗುಂಪು ನೋಡಲು ಗುರುತೂ ಆಯಿತು. ವಿದ್ಯಾರ್ಥಿ ಬಿಟ್ಟಿರುವ ಜಾಗವನ್ನು ನಂಬಬೇಡಿ. ಅವನು ಬಿಡಿಸಿ ಬರೆದ ಗುಂಪುಗಳನ್ನೇ ನೋಡುತ್ತಾ ಕೂತರೆ ಅವನ ತಪ್ಪು ನಿಮಗೂ ಸರಿಯಾಗಿಯೇ ಕಾಣುತ್ತದೆ.

ಅಕ್ಷರದ ಅನುಮಾನ ಬಿಡಿ ಸ್ಥಾನದಲ್ಲಿದ್ದರೆ ಸಮ-ಬೆಸ ನೋಡಿದರೆ ತೀರುತ್ತದೆ. D ಅಂದರೆ 13, ಅದು ಬೆಸ, 0 ಸಮ. B ಅಂದರೆ 11, ಬೆಸ, 8 ಸಮ. ಕೊಟ್ಟ ಸಂಖ್ಯೆ 781 ಬೆಸ, ಹಾಗಾಗಿ ಯಾರಾದರೂ 30D ಎಂದು ಬರೆದು ಕೊನೆಯ ಅಕ್ಷರ ಸೊನ್ನೆಯಂತೆ ಕಂಡರೂ ಅದು ಸೊನ್ನೆಯಾಗಿದ್ದರೆ ಉತ್ತರ ಸರಿಯಾಗುವುದು ಸಾಧ್ಯವೇ ಇಲ್ಲ. ಅನುಮಾನ ನಡುವಿನ ಸ್ಥಾನದಲ್ಲಿದ್ದರೆ ಸಮ-ಬೆಸದಿಂದ ಪ್ರಯೋಜನವಿಲ್ಲ, ಎರಡೂ ಓದುಗಳನ್ನು ಲೆಕ್ಕ ಹಾಕಿ ನೋಡಬೇಕು. ಆದರೆ ಒಂದು ಮಾತು. ಸರಿಯುತ್ತರಕ್ಕೆ ಹೊಂದುತ್ತದೆ ಎನ್ನುವ ಕಾರಣಕ್ಕೆ ಮಾತ್ರ ಅಸ್ಪಷ್ಟ ಅಂಕಿಯನ್ನು ಸರಿ ಎಂದು ಓದುವುದು ನನಗೆ ಒಪ್ಪಿಗೆಯಿಲ್ಲ. ಅದೇ ಹಾಳೆಯಲ್ಲಿ ಅದೇ ಕೈ ಬರೆದ ಬೇರೆ D, ಬೇರೆ 0 ಹೇಗಿವೆ ಎಂದು ಹೋಲಿಸಿ ಆಮೇಲೆ ತೀರ್ಮಾನಿಸಿ.

ಉದ್ದ, ತಲೆ, ಬಾಲ

ಈಗ ಮೊದಲ ಪರೀಕ್ಷೆ. ಇದಕ್ಕೆ ಕಾಗದವೂ ಬೇಡ. ಸ್ಥಾನಬೆಲೆಗಳು ನೆನಪಿದ್ದರೆ ಸಾಕು: ಬೈನರಿಗೆ 1, 2, 4, 8, 16, 32, 64, 128, 256, 512, 1024, ಆಕ್ಟಲ್‌ಗೆ 1, 8, 64, 512, 4096, ಹೆಕ್ಸ್‌ಗೆ 1, 16, 256, 4096.

ಉದ್ದ ಎಂದರೆ ಉತ್ತರದಲ್ಲಿ ಎಷ್ಟು ಅಂಕಿ ಇರಬೇಕು ಎಂಬುದು. 781 ಎಂಬುದು 512ಕ್ಕಿಂತ ಹೆಚ್ಚು, 1024ಕ್ಕಿಂತ ಕಡಿಮೆ. 512 ಬೈನರಿಯ ಹತ್ತನೆಯ ಸ್ಥಾನ, ಆದ್ದರಿಂದ ಬೈನರಿ ಉತ್ತರಕ್ಕೆ ಸರಿಯಾಗಿ ಹತ್ತು ಬಿಟ್ ಇರಬೇಕು. ಎಡಕ್ಕೆ ಸುಮ್ಮನೆ ಸೇರಿಸಿದ ಸೊನ್ನೆಗಳನ್ನು ಎಣಿಸಬೇಡಿ, ಅವು ತಪ್ಪೂ ಅಲ್ಲ. ಆಕ್ಟಲ್‌ನಲ್ಲಿ 512 ನಾಲ್ಕನೆಯ ಸ್ಥಾನ, ಹಾಗಾಗಿ ನಾಲ್ಕು ಅಂಕಿ. ಹೆಕ್ಸ್‌ನಲ್ಲಿ 256 ಮೂರನೆಯ ಸ್ಥಾನ, ಹಾಗಾಗಿ ಮೂರು ಅಂಕಿ.

ನಮ್ಮ ಸಾಲಿನಲ್ಲಿ ಮೂರೂ ಉತ್ತರಗಳು ಉದ್ದದ ಪರೀಕ್ಷೆಯನ್ನು ದಾಟುತ್ತವೆ. ಅದಕ್ಕೇ ಇಷ್ಟಕ್ಕೆ ನಿಲ್ಲಬಾರದು, ತಲೆಯನ್ನು ನೋಡಬೇಕು. ಅತಿ ಎಡದ ಅಂಕಿ ಎಷ್ಟಿರಬೇಕು? 781ರಲ್ಲಿ 512 ಒಂದೇ ಸಲ ಹೋಗುತ್ತದೆ, ಆದ್ದರಿಂದ ಆಕ್ಟಲ್ ಉತ್ತರ 1ರಿಂದ ಶುರುವಾಗಬೇಕು. ಹಾಳೆಯಲ್ಲಿ 6 ಇದೆ. 781ರಲ್ಲಿ 256 ಮೂರು ಸಲ ಹೋಗುತ್ತದೆ, ಹಾಗಾಗಿ ಹೆಕ್ಸ್ ಉತ್ತರ 3ರಿಂದ ಶುರುವಾಗಬೇಕು. ಹಾಳೆಯಲ್ಲಿ C ಇದೆ. ಎರಡೂ ಇಲ್ಲೇ ಸಿಕ್ಕಿಬಿದ್ದವು.

ಬಾಲವೂ ಅಷ್ಟೇ ಸುಲಭ. ಬೈನರಿಯ ಕೊನೆಯ ಬಿಟ್ ಸಮ-ಬೆಸ ಹೇಳುತ್ತದೆ. ಆಕ್ಟಲ್‌ನ ಕೊನೆಯ ಅಂಕಿ 8ರಿಂದ ಭಾಗಿಸಿದಾಗ ಉಳಿಯುವ ಶೇಷ. ದಶಮಾನ ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ಅದರ ಕೊನೆಯ ಮೂರು ಅಂಕಿಗಳನ್ನು ಮಾತ್ರ 8ರಿಂದ ಭಾಗಿಸಿದರೆ ಈ ಶೇಷ ಸಿಗುತ್ತದೆ, ಏಕೆಂದರೆ 1000 ಎಂಬುದು 8ರಿಂದ ನಿಶ್ಶೇಷವಾಗಿ ಹೋಗುತ್ತದೆ. 781ರಲ್ಲಿ 776 ಕಳೆದರೆ 5. ಹೆಕ್ಸ್‌ನ ಬಾಲಕ್ಕೆ 16ರಿಂದ ಭಾಗಿಸಿ: 781ರಲ್ಲಿ 768 ಕಳೆದರೆ 13, ಅಂದರೆ D. ವಿದ್ಯಾರ್ಥಿಯ ಎರಡೂ ಉತ್ತರಗಳು 1ರಲ್ಲಿ ಮುಗಿಯುತ್ತವೆ. ತಲೆಯೂ ತಪ್ಪು, ಬಾಲವೂ ತಪ್ಪು. ಎರಡೂ ತುದಿ ಹೀಗೆ ಕೆಟ್ಟಿದ್ದರೆ ಗುಂಪು ಮಾಡುವ ದಿಕ್ಕಿನ ಮೇಲೆ ಅನುಮಾನ ಪಡಿ.

ಗುಂಪು ಎಲ್ಲಿಂದ ಶುರುವಾಯಿತು?

ಬೈನರಿ ಸರಿಯಾಗಿದೆಯೇ ಎಂಬುದನ್ನು ಮುಂದೆ ನೋಡೋಣ. ಸದ್ಯಕ್ಕೆ ಅದು ಸರಿ ಎಂದಿಟ್ಟುಕೊಂಡು, ಅದರಿಂದ 6061 ಹೇಗೆ ಬಂತು ಎಂದು ಹುಡುಕೋಣ. ಎಡದಿಂದ ಮೂರು ಮೂರು ಬಿಟ್ ಕತ್ತರಿಸಿ:

```
ಎಡದಿಂದ:   110 000 110 1      ->  6 0 6 1
ಬಲದಿಂದ:   1 100 001 101      ->  1 4 1 5

ಎಡದಿಂದ:   1100 0011 01       ->  C 3 1
ಬಲದಿಂದ:   11 0000 1101       ->  3 0 D
```

ಕಾರಣ ಸಿಕ್ಕಿತು. ಬಿಡಿ ಸ್ಥಾನ ಬಲತುದಿಯಲ್ಲಿದೆ, ಆದ್ದರಿಂದ ಗುಂಪು ಅಲ್ಲಿಂದಲೇ ಶುರುವಾಗಬೇಕು ಮತ್ತು ಉಳಿದ ಚೂರು ಎಡಕ್ಕೆ ಹೋಗಬೇಕು. ವಿದ್ಯಾರ್ಥಿ ಓದುವ ದಿಕ್ಕಿನಲ್ಲೇ ಕತ್ತರಿಸಿದ, ಉಳಿದ ಚೂರು ಬಲಕ್ಕೆ ಬಂತು. ಒಂಟಿಯಾಗಿ ಉಳಿದ `1` ಆಕ್ಟಲ್‌ನಲ್ಲಿ ಒಂದು ಪೂರ್ತಿ ಅಂಕಿಯ ಜಾಗ ಹಿಡಿದುಕೊಂಡಿತು, ಅಂದರೆ `001` ಆಯಿತು. ಹೆಕ್ಸ್‌ನಲ್ಲಿ ಉಳಿದ `01` ಕೂಡ `0001` ಆಯಿತು. ಎರಡನ್ನೂ ಬಿಡಿಸಿ ಬರೆದರೆ `110000110001` ಎಂಬ ಒಂದೇ ಹನ್ನೆರಡು ಬಿಟ್ ಬರುತ್ತದೆ. ಎರಡು ತಪ್ಪುತ್ತರಗಳು ಒಪ್ಪಿಕೊಂಡದ್ದು ಇದರಿಂದಲೇ. ಬಲದಿಂದ ಎರಡನೆಯ ಬಿಟ್ ಸೊನ್ನೆಯಾಗಿರುವ ಹತ್ತು ಬಿಟ್‌ನ ಯಾವ ಸಂಖ್ಯೆಯಲ್ಲೂ ಇದು ಹೀಗೇ ನಡೆಯುತ್ತದೆ, ಅಂದರೆ ಹತ್ತು ಬಿಟ್‌ನ ಸಂಖ್ಯೆಗಳಲ್ಲಿ ಅರ್ಧದಷ್ಟರಲ್ಲಿ. ಆದ್ದರಿಂದ ಆಕ್ಟಲ್ ಮತ್ತು ಹೆಕ್ಸ್ ಪರಸ್ಪರ ಹೊಂದುವುದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ಪ್ರತಿಯೊಂದನ್ನೂ ಕೊಟ್ಟ ಸಂಖ್ಯೆಗೇ ಹೋಲಿಸಿ.

ಪ್ರಶ್ನೆ ತಯಾರಿಸುವವರಿಗೂ ಇಲ್ಲಿ ಒಂದು ಮಾತು ಹೇಳಬೇಕು. ಹನ್ನೆರಡು ಬಿಟ್‌ನ ಸಂಖ್ಯೆ ಕೊಟ್ಟರೆ ಈ ತಪ್ಪು ಕಾಣಿಸುವುದೇ ಇಲ್ಲ. ಹನ್ನೆರಡು ಮೂರರಿಂದಲೂ ನಾಲ್ಕರಿಂದಲೂ ಸಮನಾಗಿ ಹೋಗುವುದರಿಂದ ಎಡದಿಂದ ಕತ್ತರಿಸಿದರೂ ಬಲದಿಂದ ಕತ್ತರಿಸಿದರೂ ಗುಂಪುಗಳು ಒಂದೇ. ಎಂಟು ಬಿಟ್‌ನ ಸಂಖ್ಯೆಯಲ್ಲಿ ಹೆಕ್ಸ್‌ಗೂ ಇದೇ ಕಥೆ. ಹತ್ತು ಅಥವಾ ಹನ್ನೊಂದು ಬಿಟ್ ಬರುವ ಸಂಖ್ಯೆಗಳನ್ನು, ಅಂದರೆ 512ರಿಂದ 2047ರವರೆಗಿನವನ್ನು ಆರಿಸಿದರೆ ಯಾರು ಎಲ್ಲಿಂದ ಕತ್ತರಿಸುತ್ತಿದ್ದಾರೆ ಎಂಬುದು ಬಯಲಾಗುತ್ತದೆ.

ಆಕ್ಟಲ್‌ನಿಂದ ಬೈನರಿಗೆ ಬಿಡಿಸುವಾಗ ಇದಕ್ಕೆ ಸೋದರಿಯಂಥ ಇನ್ನೊಂದು ತಪ್ಪು ಆಗುತ್ತದೆ. 1415ನ್ನು ಅಂಕಿ ಅಂಕಿಯಾಗಿ ಬಿಡಿಸುತ್ತಾ ನಡುವಿನ 1ಕ್ಕೆ `001` ಎಂದು ಬರೆಯುವ ಬದಲು ಬರೀ `1` ಎಂದು ಬರೆದುಬಿಡುತ್ತಾರೆ. ಆಗ `1 100 1 101` ಸೇರಿ `11001101` ಆಗುತ್ತದೆ, ಹೆಕ್ಸ್‌ನಲ್ಲಿ CD, ಬೆಲೆ 205. ಇಲ್ಲಿ ನಿಯಮ ಕಟ್ಟುನಿಟ್ಟು: ಸೊನ್ನೆ ಬಿಡಬಹುದಾದದ್ದು ಅತಿ ಎಡದ ಗುಂಪಿನಲ್ಲಿ ಮಾತ್ರ. ಉಳಿದ ಪ್ರತಿಯೊಂದು ಆಕ್ಟಲ್ ಅಂಕಿಯೂ ಮೂರು ಬಿಟ್, ಪ್ರತಿಯೊಂದು ಹೆಕ್ಸ್ ಅಂಕಿಯೂ ನಾಲ್ಕು ಬಿಟ್. ಪರೀಕ್ಷಿಸುವುದು ಸುಲಭ. ನಾಲ್ಕು ಅಂಕಿಯ ಆಕ್ಟಲ್‌ನಲ್ಲಿ ಎಡದ ಅಂಕಿ ಬಿಟ್ಟು ಉಳಿದ ಮೂರು ಸೇರಿ ಒಂಬತ್ತು ಬಿಟ್ ಆಗಲೇಬೇಕು. ಎಡದ 1ಕ್ಕೆ ಒಂದು ಬಿಟ್ ಸೇರಿಸಿದರೆ ಹತ್ತು. ಹಾಳೆಯಲ್ಲಿ ಎಂಟೇ ಇದ್ದರೆ ಎರಡು ಸೊನ್ನೆ ಎಲ್ಲೋ ಕಳೆದಿವೆ.

ದುಪ್ಪಟ್ಟಿನ ಸಾಲು

ಈಗ ಬೈನರಿಗೆ ಬರೋಣ. ಬೈನರಿ ಉತ್ತರವನ್ನು ಪರೀಕ್ಷಿಸಲು ಬಿಟ್‌ಗಳ ಮೇಲೆ 512, 256, 128 ಎಂದು ಬರೆದು ಕೂಡಿಸುವುದು ಎಲ್ಲರಿಗೂ ಗೊತ್ತಿರುವ ದಾರಿ. ಸ್ಥಾನ ಜಾರುವ ಹಾಳೆಗೆ ಆ ದಾರಿ ಅಷ್ಟು ಒಳ್ಳೆಯದಲ್ಲ, ಏಕೆಂದರೆ ಬೆಲೆಗಳನ್ನು ಬಿಟ್‌ಗಳ ತಲೆಯ ಮೇಲೆ ಸರಿಯಾಗಿ ಕೂರಿಸುವ ಕೆಲಸದಲ್ಲೇ ಕೈ ಜಾರುವುದು. ಸ್ಥಾನಬೆಲೆಯನ್ನು ಬರೆಯುವ ಅಗತ್ಯವೇ ಇಲ್ಲದ ಒಂದು ವಿಧಾನವಿದೆ, ನಾನು ಬಳಸುವುದು ಅದನ್ನೇ.

ಎಡತುದಿಯ 1ರಿಂದ ಶುರುಮಾಡಿ. ಮುಂದಿನ ಪ್ರತಿ ಬಿಟ್‌ಗೆ, ಇದುವರೆಗಿನ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಆ ಬಿಟ್ ಸೇರಿಸಿ. ಅಷ್ಟೇ.

```
ಬಿಟ್:    1   1   0    0    0    0    1     1     0     1
ಸಾಲು:    1   3   6   12   24   48   97   195   390   781
```

ಕೊನೆಗೆ 781 ಬಂತು, ಬೈನರಿ ಸರಿ. ಈಗ ಇದೇ ಸಾಲನ್ನು ಬಲದಿಂದ ಎಡಕ್ಕೆ ಓದಿ: 781, 390, 195, 97, 48, 24, 12, 6, 3, 1. 781ನ್ನು ಎರಡೆರಡರಿಂದ ಭಾಗಿಸುತ್ತಾ ಹೋದಾಗ ಬರುವ ಭಾಗಲಬ್ಧಗಳು ಇವೇ. ಹಾಗಾಗಿ ವಿದ್ಯಾರ್ಥಿ ಭಾಗಾಕಾರದ ಕಾಲಂ ಅನ್ನು ಹಾಳೆಯಲ್ಲಿ ಉಳಿಸಿದ್ದರೆ, ನಿಮ್ಮ ಸಾಲನ್ನು ಅದರ ಪಕ್ಕ ಇಟ್ಟು ಹೋಲಿಸಿದರೆ ತಪ್ಪು ಯಾವ ಮೆಟ್ಟಿಲಲ್ಲಿ ಆಯಿತು ಎಂಬುದೂ ತಿಳಿಯುತ್ತದೆ.

ಈ ಸಾಲಿನ ಇನ್ನೊಂದು ಗುಣ ನನಗೆ ಬಹಳ ಇಷ್ಟ. ಬಲತುದಿಯಿಂದ ಪ್ರತಿ ಮೂರು ಹೆಜ್ಜೆಗೆ ಒಂದು ಸಂಖ್ಯೆ ಆರಿಸಿ: 781, 97, 12, 1. ಇದು ಆಕ್ಟಲ್‌ನ ಸಾಲು. ಒಂದೊಂದರಿಂದ ಅದರ ಎಡದ ಸಂಖ್ಯೆಯ ಎಂಟರಷ್ಟನ್ನು ಕಳೆದರೆ ಅಂಕಿಗಳು ಹೊರಬರುತ್ತವೆ. 781ರಲ್ಲಿ 97ರ ಎಂಟರಷ್ಟು 776 ಕಳೆದರೆ 5. 97ರಲ್ಲಿ 96 ಕಳೆದರೆ 1. 12ರಲ್ಲಿ 8 ಕಳೆದರೆ 4. ಕೊನೆಗೆ 1. ಎಡದಿಂದ ಓದಿದರೆ 1415. ಹೆಕ್ಸ್‌ಗೆ ಪ್ರತಿ ನಾಲ್ಕು ಹೆಜ್ಜೆಗೆ ಒಂದು: 781, 48, 3. 781ರಲ್ಲಿ 768 ಕಳೆದರೆ 13, ಅಂದರೆ D. 48ರಲ್ಲಿ 3ರ ಹದಿನಾರರಷ್ಟು 48 ಕಳೆದರೆ 0. ಕೊನೆಗೆ 3. ಉತ್ತರ 30D. ಒಂದೇ ಸಾಲು ಬರೆದು ಮೂರೂ ಕಾಲಂ ಪರೀಕ್ಷಿಸಿದಂತಾಯಿತು, ಬಿಟ್‌ಗಳನ್ನು ಗುಂಪು ಮಾಡುವ ಗೋಜಿಗೇ ಹೋಗಲಿಲ್ಲ. 30Dಯ ನಡುವಿನ ಸೊನ್ನೆಯೂ ತಾನಾಗಿ ಬಂತು. ಆ ಸೊನ್ನೆ ಬಿಟ್ಟು 3D ಎಂದು ಬರೆದವರ ಉತ್ತರದ ಬೆಲೆ ಬರೀ 61.

ಸೊನ್ನೆ ಕಳೆದುಹೋದಾಗ ಈ ಸಾಲು ಏನು ತೋರಿಸುತ್ತದೆ ನೋಡಿ. ಇನ್ನೊಂದು ಹಾಳೆಯಲ್ಲಿ 781ಕ್ಕೆ `110001101` ಎಂದು ಬರೆದಿದೆ ಎಂದುಕೊಳ್ಳಿ, ನಾಲ್ಕು ಸೊನ್ನೆಯ ಬದಲು ಮೂರು. ಅದರ ಸಾಲು 1, 3, 6, 12, 24, 49, 99, 198, 397. ಸರಿಯಾದ ಸಾಲಿನಲ್ಲಿ 24ರ ನಂತರ 48 ಇರಬೇಕಿತ್ತು, ಇಲ್ಲಿ 49 ಇದೆ. ಅಲ್ಲಿಯವರೆಗೆ ಎಲ್ಲ ಸರಿ, ಅಲ್ಲಿಗೆ ಒಂದು ಸೊನ್ನೆ ಬಿಟ್ಟುಹೋಗಿದೆ. ಈ ವಿದ್ಯಾರ್ಥಿ ತನ್ನ ಬೈನರಿಯಿಂದ ಸರಿಯಾಗಿ ಗುಂಪು ಮಾಡಿದ್ದರೆ ಆಕ್ಟಲ್‌ಗೆ 615, ಹೆಕ್ಸ್‌ಗೆ 18D ಬರೆದಿರುತ್ತಾನೆ. ಮೂರೂ 397ಕ್ಕೆ ಸಮ. ಮೂರು ಉತ್ತರ ತಪ್ಪಿದರೂ ತಪ್ಪಿನ ಮೂಲ ಒಂದೇ, ಗುಂಪು ಮಾಡುವುದು ಅವನಿಗೆ ಚೆನ್ನಾಗಿ ಬರುತ್ತದೆ. ಮೊದಲ ಹಾಳೆಯವನಿಗೆ ಭಾಗಾಕಾರ ಬರುತ್ತದೆ, ಗುಂಪು ಮಾಡುವ ದಿಕ್ಕು ಗೊತ್ತಿಲ್ಲ. ಇಬ್ಬರಿಗೂ ಒಂದೇ ಬಗೆಯ ಕೆಂಪು ಗುರುತು ಹಾಕಿ ಅದೇ ಪಾಠ ಮತ್ತೆ ಮಾಡಿಸುವುದು ನ್ಯಾಯವಲ್ಲ.

ಶೇಷಗಳು ತಲೆಕೆಳಗಾದರೆ

ಉದ್ದ, ತಲೆ, ಬಾಲದ ಪರೀಕ್ಷೆ ಎಲ್ಲವನ್ನೂ ಹಿಡಿಯುವುದಿಲ್ಲ. 781ನ್ನು ಎರಡರಿಂದ ಭಾಗಿಸುತ್ತಾ ಹೋದಾಗ ಶೇಷಗಳು ಮೇಲಿನಿಂದ ಕೆಳಕ್ಕೆ 1, 0, 1, 1, 0, 0, 0, 0, 1, 1 ಎಂದು ಬರುತ್ತವೆ. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಏಕೆಂದರೆ ಮೊದಲು ಬಂದ ಶೇಷವೇ ಬಿಡಿ ಸ್ಥಾನದ್ದು. ಮೇಲಿನಿಂದ ಓದಿದರೆ `1011000011` ಆಗುತ್ತದೆ, ಬೆಲೆ 707. ಇದಕ್ಕೂ ಹತ್ತು ಬಿಟ್, 1ರಿಂದ ಶುರು, 1ರಲ್ಲಿ ಮುಕ್ತಾಯ. ಮೂರೂ ಪರೀಕ್ಷೆಗಳನ್ನು ನಿರಾಯಾಸವಾಗಿ ದಾಟುತ್ತದೆ. ಕೊಟ್ಟ ಸಂಖ್ಯೆ ಸಮವಾಗಿದ್ದರೆ ಇಂಥ ಉತ್ತರ ಸೊನ್ನೆಯಿಂದ ಶುರುವಾಗಿ ಸಿಕ್ಕಿಬೀಳುತ್ತದೆ, ಬೆಸವಾಗಿದ್ದರೆ ಸಿಕ್ಕಿಬೀಳುವುದಿಲ್ಲ.

ದುಪ್ಪಟ್ಟಿನ ಸಾಲು ಇದನ್ನು ಹಿಡಿಯುತ್ತದೆ. ಆದರೆ ಮೂವತ್ತು ನಲವತ್ತು ಹಾಳೆಗಳ ರಾಶಿ ಮುಂದಿದ್ದು ಪ್ರತಿಯೊಂದರಲ್ಲೂ ಪ್ರಶ್ನೆ ಬೇರೆಯಾಗಿದ್ದರೆ ಇನ್ನೂ ಚುರುಕಾದ ಒಂದು ಪರೀಕ್ಷೆ ಬೇಕು. ಅದು ಹೀಗಿದೆ. ಬಲದಿಂದ ಶುರುಮಾಡಿ ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿಸಿ, ಕಳೆಯಿರಿ. ಬಂದದ್ದನ್ನು, ಆ ಪದ್ಧತಿಯ ಆಧಾರಕ್ಕೆ ಒಂದು ಸೇರಿಸಿದ ಸಂಖ್ಯೆಯಿಂದ ಭಾಗಿಸಿದ ಶೇಷದ ಲೆಕ್ಕದಲ್ಲಿ ನೋಡಿ. ಬೈನರಿಗೆ 3, ಆಕ್ಟಲ್‌ಗೆ 9, ಹೆಕ್ಸ್‌ಗೆ 17. ದಶಮಾನ ಸಂಖ್ಯೆಯನ್ನು ಅದೇ 3, 9 ಅಥವಾ 17ರಿಂದ ಭಾಗಿಸಿದಾಗ ಅದೇ ಶೇಷ ಬರಬೇಕು. 3 ಮತ್ತು 9ಕ್ಕೆ ದಶಮಾನ ಅಂಕಿಗಳನ್ನು ಬರೀ ಕೂಡಿಸಿದರೆ ಸಾಕು ಎಂಬುದು ಶಾಲೆಯಲ್ಲೇ ಕಲಿತದ್ದು. 17ಕ್ಕೆ ಮಾತ್ರ ಭಾಗಿಸಲೇಬೇಕು.

781ರ ಅಂಕಿಗಳ ಮೊತ್ತ 16. ಅದನ್ನು 3ರಿಂದ ಭಾಗಿಸಿದರೆ ಶೇಷ 1. ಸರಿಯಾದ ಬೈನರಿಯಲ್ಲಿ ಕೂಡಿಸುವ ಸ್ಥಾನಗಳಲ್ಲಿ ಮೂರು 1, ಕಳೆಯುವ ಸ್ಥಾನಗಳಲ್ಲಿ ಎರಡು 1 ಇವೆ, ವ್ಯತ್ಯಾಸ 1. ಹೊಂದಿತು. ತಲೆಕೆಳಗಾದ `1011000011`ರಲ್ಲಿ ಕೂಡಿಸುವವು ಎರಡು, ಕಳೆಯುವವು ಮೂರು. ಉತ್ತರ −1, ಅದಕ್ಕೆ 3 ಸೇರಿಸಿದರೆ 2. ಹೊಂದಲಿಲ್ಲ, ಸಿಕ್ಕಿಬಿತ್ತು.

ಕೂಡಿಸಿ ಕಳೆಯುವ ಈ ತಂತ್ರ ಏಕೆ ಬೇಕು, ಅಂಕಿಗಳನ್ನು ಬರೀ ಕೂಡಿಸಿದರೆ ಆಗದೇ ಎಂದು ಕೇಳಬಹುದು. ಬರೀ ಮೊತ್ತಕ್ಕೂ ಒಂದು ಪರೀಕ್ಷೆ ಇದೆ: ಹೆಕ್ಸ್ ಅಂಕಿಗಳ ಮೊತ್ತವನ್ನು 15ರಿಂದ ಭಾಗಿಸಿದ ಶೇಷ, ಸಂಖ್ಯೆಯನ್ನು 15ರಿಂದ ಭಾಗಿಸಿದ ಶೇಷಕ್ಕೆ ಸಮ. ಆದರೆ 30D, 3D, D3 ಎಲ್ಲಕ್ಕೂ ಮೊತ್ತ 16. ಅಂಕಿ ಎಲ್ಲಿ ಕೂತಿದೆ ಎಂಬುದನ್ನು ಮೊತ್ತ ಕೇಳುವುದೇ ಇಲ್ಲ, ನಾವು ಹುಡುಕುತ್ತಿರುವುದೋ ಜಾಗ ತಪ್ಪಿದ ಅಂಕಿಯನ್ನು. ಒಂದು ಬಿಟ್ಟು ಒಂದು ಕಳೆಯುವಾಗ ಅಂಕಿ ಒಂದು ಸ್ಥಾನ ಸರಿದರೆ ಅದರ ಗುರುತು ಕೂಡಿಸುವುದರಿಂದ ಕಳೆಯುವುದಕ್ಕೆ ಬದಲಾಗುತ್ತದೆ, ಹಾಗಾಗಿ ಸಾಮಾನ್ಯವಾಗಿ ತಪ್ಪು ಹೊರಗೆ ಬರುತ್ತದೆ. ಎರಡು ಸ್ಥಾನ ಸರಿದರೆ ಗುರುತು ಮತ್ತೆ ಮೊದಲಿನಂತಾಗಿ ತಪ್ಪು ಅಡಗಿಕೊಳ್ಳುತ್ತದೆ. 30Dಯನ್ನು D03 ಎಂದು ಬರೆದರೆ ಈ ಪರೀಕ್ಷೆಗೂ ಗೊತ್ತಾಗುವುದಿಲ್ಲ.

ನಮ್ಮ ಮೊದಲ ಸಾಲಿನ 6061ರ ಮೇಲೇ ಇದನ್ನು ಪ್ರಯೋಗಿಸಿ ನೋಡಿ. ಬಲದಿಂದ 1 − 6 + 0 − 6 = −11. 9ರ ಲೆಕ್ಕದಲ್ಲಿ ಅದಕ್ಕೆ 18 ಸೇರಿಸಿದರೆ 7. 781ರ ಅಂಕಿಗಳ ಮೊತ್ತ 16, ಅದನ್ನು 9ರಿಂದ ಭಾಗಿಸಿದರೂ ಶೇಷ 7. ಸಂಪೂರ್ಣ ತಪ್ಪಾದ ಉತ್ತರ, ಆದರೂ ಪರೀಕ್ಷೆ ಪಾಸು! 3121ಕ್ಕೂ 781ಕ್ಕೂ ಇರುವ ವ್ಯತ್ಯಾಸ 2340, ಅದು 9ರ ಗುಣಕ, ಹಾಗಾಗಿ ಹೀಗಾಯಿತು. C31ನ್ನು 17ರ ಪರೀಕ್ಷೆ ಹಿಡಿಯುತ್ತದೆ: 1 − 3 + 12 = 10, ಆದರೆ 781ನ್ನು 17ರಿಂದ ಭಾಗಿಸಿದರೆ ಶೇಷ 16. ಹೊಂದದಿದ್ದರೆ ಉತ್ತರ ಖಂಡಿತ ತಪ್ಪು, ಹೊಂದಿದರೆ ಸರಿ ಎಂದು ಖಾತ್ರಿಯಿಲ್ಲ. ತಲೆ-ಬಾಲದ ಪರೀಕ್ಷೆ ಹಿಡಿದ 6061ನ್ನು ಶೇಷದ ಪರೀಕ್ಷೆ ಬಿಟ್ಟುಬಿಟ್ಟಿತು, ಶೇಷದ ಪರೀಕ್ಷೆ ಹಿಡಿದ 707ನ್ನು ತಲೆ-ಬಾಲ ಬಿಟ್ಟುಬಿಟ್ಟಿತು. ಅದಕ್ಕೇ ಎರಡನ್ನೂ ಒಟ್ಟಿಗೆ ಬಳಸುವುದು, ಅನುಮಾನ ಉಳಿದಲ್ಲಿ ದುಪ್ಪಟ್ಟಿನ ಸಾಲಿಗೆ ಹೋಗುವುದು.

ವ್ಯತ್ಯಾಸವೇ ತಪ್ಪಿನ ಜಾಗ ಹೇಳುತ್ತದೆ

ತಪ್ಪು ಎಂದು ಗೊತ್ತಾದ ಮೇಲೆ, ಬಂದ ಬೆಲೆಯನ್ನೂ ಬರಬೇಕಿದ್ದ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಬಂದ ಬೆಲೆ ಸರಿಯಾಗಿ ಎರಡರಷ್ಟಿದ್ದರೆ ಇಡೀ ಸಂಖ್ಯೆ ಒಂದು ಸ್ಥಾನ ಸರಿದಿದೆ. ಬೈನರಿಯಿಂದ ದಶಮಾನಕ್ಕೆ ಹೋಗುವಾಗ ಬಿಡಿ ಸ್ಥಾನಕ್ಕೆ 1ರ ಬದಲು 2 ಬರೆದು ಶುರುಮಾಡಿದವರು 781ರ ಜಾಗದಲ್ಲಿ 1562 ಬರೆಯುತ್ತಾರೆ. ಬೈನರಿ 1ರಲ್ಲಿ ಮುಗಿದಿದೆ, ಉತ್ತರ ಸಮ ಬಂದಿದೆ, ಅಷ್ಟರಲ್ಲೇ ತಪ್ಪು ಗೊತ್ತಾಗುತ್ತದೆ. ಜೊತೆಗೆ ಹತ್ತು ಬಿಟ್‌ಗೆ 1023 ಮೀರುವುದು ಸಾಧ್ಯವೇ ಇಲ್ಲ.

ವ್ಯತ್ಯಾಸ ಎರಡರ ಒಂದೇ ಘಾತವಾಗಿದ್ದರೆ ಒಂದು 1 ಕಾಣೆಯಾಗಿದೆ ಅಥವಾ ಹೆಚ್ಚಾಗಿ ಸೇರಿದೆ. 781ಕ್ಕೆ `100001101` ಬರೆದಿದ್ದರೆ ಬೆಲೆ 269, ಕೊರತೆ 512. ಭಾಗಾಕಾರದಲ್ಲಿ ಭಾಗಲಬ್ಧ 1 ಬಂದ ಕೂಡಲೇ ಮುಗಿಯಿತೆಂದು ನಿಲ್ಲಿಸಿ, ಆ 1ನ್ನು ಬರೆಯದೆ ಬಿಟ್ಟವರಿಗೆ ಆಗುವುದು ಇದು. ಭಾಗಲಬ್ಧ 0 ಆಗುವವರೆಗೂ ಭಾಗಿಸಬೇಕು.

ನಡುವೆ ಸ್ಥಾನವೊಂದು ಕಳೆದಾಗ ಅಥವಾ ಹೆಚ್ಚಾದಾಗ ಸಂಖ್ಯೆಯ ಮೇಲಿನ ಭಾಗ ಮಾತ್ರ ಜಾರುತ್ತದೆ, ಕೆಳಭಾಗ ಹಾಗೇ ಉಳಿಯುತ್ತದೆ. 781ನ್ನು 768 ಮತ್ತು 13 ಎಂದು ಎರಡು ಭಾಗ ಮಾಡಿಕೊಳ್ಳಿ. ಒಂದು ಸೊನ್ನೆ ಕಳೆದಾಗ 768 ಅರ್ಧವಾಗಿ 384 ಆಯಿತು, 13 ಹಾಗೇ ಉಳಿಯಿತು, ಒಟ್ಟು 397. ತಿರುಗಿ ದಶಮಾನಕ್ಕೆ ಹೋಗುವಾಗ ಸ್ಥಾನಬೆಲೆಗಳ ಸಾಲಿನಲ್ಲಿ 64 ಬರೆಯುವುದನ್ನು ಮರೆತು 32 ಆದ ಮೇಲೆ ನೇರವಾಗಿ 128 ಬರೆದರೆ ಮೇಲಿನ ಭಾಗ ಎರಡರಷ್ಟಾಗುತ್ತದೆ: 1536 + 13 = 1549. ಹೆಚ್ಚಳ 768, ಅಂದರೆ ಮೇಲಿನ ಭಾಗದ ಸರಿಯಾದ ಬೆಲೆಯೇ. ಆ ಬೆಲೆ ಬೈನರಿಯಲ್ಲಿ ಎಲ್ಲಿ ಮುಗಿಯುತ್ತದೆಯೋ ಅದರ ಬಲಕ್ಕೆ ತಪ್ಪು ಇದೆ. ಸಾಲಾಗಿರುವ ನಾಲ್ಕು ಸೊನ್ನೆಗಳಲ್ಲಿ ಯಾವುದರ ಬಳಿ ಜಾರಿತು ಎಂಬುದನ್ನು ಮಾತ್ರ ವ್ಯತ್ಯಾಸ ಹೇಳಲಾರದು, ಏಕೆಂದರೆ ಯಾವ ಸೊನ್ನೆಯ ಬಳಿ ಜಾರಿದರೂ ಬೆಲೆ ಒಂದೇ. ಅದಕ್ಕೆ ವಿದ್ಯಾರ್ಥಿ ಬರೆದ ಸ್ಥಾನಬೆಲೆಗಳ ಸಾಲನ್ನೇ ನೋಡಬೇಕು.

ಇಡೀ ವರ್ಕ್‌ಶೀಟ್‌ನ ಸರಿಯುತ್ತರದ ಪಟ್ಟಿ ಬೇಕಿದ್ದರೆ ಪೈಥಾನ್‌ನಲ್ಲಿ ಒಂದೇ ಸಾಲು:

```python
print(bin(781), oct(781), hex(781))
# 0b1100001101 0o1415 0x30d
```

ಮುಂದಿನ `0b`, `0o`, `0x` ಎಂಬವು ಯಾವ ಪದ್ಧತಿ ಎಂದು ತೋರಿಸುವ ಗುರುತುಗಳು, ಅಂಕಿಗಳಲ್ಲ. ಹಾಳೆಯ ಮೇಲಿನ ತಪ್ಪುತ್ತರದ ಬೆಲೆ ತಿಳಿಯಲು `int("6061", 8)` ಎಂದರೆ 3121 ಎಂದು ಬರುತ್ತದೆ. ಯಂತ್ರ ಸರಿಯುತ್ತರ ಕೊಡುತ್ತದೆ, ಆದರೆ ಎಲ್ಲಿ ಜಾರಿತು ಎಂಬುದನ್ನು ಈ ಬೆಲೆಯಿಂದ ನೀವೇ ಓದಿಕೊಳ್ಳಬೇಕು.

ಬಿಂದುವಿನ ಆಚೆ

ಭಿನ್ನಭಾಗ ಇರುವ ಲೆಕ್ಕಗಳಲ್ಲಿ ದಿಕ್ಕು ತಿರುಗುತ್ತದೆ, ಬಲದಿಂದ ಗುಂಪು ಮಾಡಬೇಕು ಎಂದು ಉರುಹೊಡೆದವರು ಇಲ್ಲಿ ಎಡವುತ್ತಾರೆ. ಗುಂಪು ಶುರುವಾಗುವುದು ಬಿಂದುವಿನಿಂದ, ಎರಡೂ ಕಡೆಗೆ ಹೊರಮುಖವಾಗಿ. ಪೂರ್ಣಾಂಕದ ಭಾಗದಲ್ಲಿ ಬಿಂದುವಿಗೆ ಹತ್ತಿರದ ಸ್ಥಾನ ಬಲತುದಿಯಲ್ಲಿರುವುದರಿಂದ ಬಲದಿಂದ ಶುರುಮಾಡುತ್ತೇವೆ ಅಷ್ಟೇ. ಭಿನ್ನಭಾಗದಲ್ಲಿ ಅದು ಎಡತುದಿಯಲ್ಲಿದೆ. ಕೊರತೆ ತುಂಬುವ ಸೊನ್ನೆಗಳೂ ಅಲ್ಲಿ ಬಲಕ್ಕೆ ಸೇರಬೇಕು.

0.6875ರ ಬೈನರಿ `0.1011`. ಆಕ್ಟಲ್‌ಗೆ `101` ಮತ್ತು `1`. ಎರಡನೆಯದಕ್ಕೆ ಬಲಕ್ಕೆ ಸೊನ್ನೆ ತುಂಬಿ `100` ಮಾಡಿದರೆ 0.54. ಪರೀಕ್ಷೆಗೆ 5/8 + 4/64 = 0.625 + 0.0625 = 0.6875. ಸೊನ್ನೆ ತುಂಬದೆ ಒಂಟಿ 1ನ್ನು ಹಾಗೇ ಬರೆದವರಿಗೆ 0.51 ಬರುತ್ತದೆ, ಅದು 0.640625. ಹೆಕ್ಸ್‌ನಲ್ಲಿ ನಾಲ್ಕು ಬಿಟ್ ಪೂರ್ತಿಯಾಗಿರುವುದರಿಂದ ನೇರವಾಗಿ 0.B. ದಶಮಾನದಿಂದ ಗುಣಿಸುತ್ತಾ ಹೋಗುವಾಗ ಹೊರಬರುವ ಪೂರ್ಣಾಂಕಗಳನ್ನು ಮೇಲಿನಿಂದ ಕೆಳಕ್ಕೇ ಓದಬೇಕು: 0.6875ರ ಎಂಟರಷ್ಟು 5.5, ಮೊದಲ ಅಂಕಿ 5, 0.5ರ ಎಂಟರಷ್ಟು 4, ಎರಡನೆಯ ಅಂಕಿ 4. ಇಲ್ಲಿ ಮೊದಲು ಬಂದದ್ದು ಬಿಂದುವಿಗೆ ಹತ್ತಿರದ್ದು.

0.1ರಂಥ ಸಂಖ್ಯೆಗೆ ಬೈನರಿಯಲ್ಲಿ ಕೊನೆಯೇ ಇಲ್ಲ, `0.000110011...` ಎಂದು ಹೋಗುತ್ತಲೇ ಇರುತ್ತದೆ. ಹಾಳೆಯಲ್ಲಿ ನಾಲ್ಕು ಸ್ಥಾನಕ್ಕೆ ನಿಲ್ಲಿಸಿ ಎಂದಿದ್ದರೆ ಉತ್ತರ `0.0001`, ತಿರುಗಿಸಿದರೆ ಬರೀ 0.0625. ಇದು ಸ್ಥಾನ ಜಾರಿದ್ದಲ್ಲ. ಮುಂದಿನದನ್ನು ಕತ್ತರಿಸಿ ನಿಲ್ಲಿಸಿದಾಗ ಕೊರತೆ ಕೊನೆಯ ಸ್ಥಾನದ ಬೆಲೆಗಿಂತ ಕಡಿಮೆ ಇರಬೇಕು. ಇಲ್ಲಿ ಕೊರತೆ 0.0375, ಕೊನೆಯ ಸ್ಥಾನದ ಬೆಲೆ 0.0625, ಹಾಗಾಗಿ ಉತ್ತರ ಸರಿ. ಕೊರತೆ ಅದನ್ನು ಮೀರಿದ್ದರೆ, ಅಥವಾ ತಿರುಗಿಸಿದ ಬೆಲೆ ಕೊಟ್ಟ ಸಂಖ್ಯೆಗಿಂತ ದೊಡ್ಡದಾಗಿದ್ದರೆ, ಬಿಂದುವಿನ ಪಕ್ಕದ ಸೊನ್ನೆಗಳನ್ನು ಮೊದಲು ಎಣಿಸಿ.